ಗೊಬ್ಬರದ ಹೆಸರು ತಾರೀಖಾದಾಗ

ಮುಂಗಾರಿಗೆ ಮುಂಚೆ ಯಾದಗಿರಿ, ಶಹಾಪುರ, ಸುರಪುರದ ಗೊಬ್ಬರದ ಅಂಗಡಿಗಳಿಗೆ ಸಗಟು ವ್ಯಾಪಾರಿಗಳ ದರಪಟ್ಟಿಗಳು ಬರತೊಡಗುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಈ ಭಾಗದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಗೆ ಬೇಕಾದ ಗೊಬ್ಬರ ಒಂದೆರಡು ಬಗೆಯದಲ್ಲ. ಒಬ್ಬೊಬ್ಬರ ಪಟ್ಟಿಯೂ ಒಂದೊಂದು ಧಾಟಿಯದು. ಅವನ್ನೆಲ್ಲ ಅಂಗಡಿಯ ಆರ್ಡರ್ ತಂತ್ರಾಂಶಕ್ಕೆ ಏರಿಸುವಾಗ ವಿಚಿತ್ರವೊಂದು ನಡೆಯಬಹುದು. ಪಟ್ಟಿಯಲ್ಲಿದ್ದ 10-26-26 ಎಂಬ ಗೊಬ್ಬರ ಮಾಯವಾಗಿ, ಆ ಜಾಗದಲ್ಲಿ ಒಂದು ತಾರೀಖು ಕುಳಿತಿರುತ್ತದೆ. ಅದರ ಕೆಳಗಿನ 12-32-16 ಮಾತ್ರ ಇದ್ದಂತೆಯೇ ಇರುತ್ತದೆ. ವೈರಸ್ ಎಂದು ಬೈಯುವವರಿದ್ದಾರೆ, ಕಂಪ್ಯೂಟರಿಗೆ ಗ್ರಹಚಾರ ಕೆಟ್ಟಿದೆ ಎಂದು ಊದುಬತ್ತಿ ಹಚ್ಚುವವರೂ ಇದ್ದಾರೆ. ಎರಡೂ ಅಲ್ಲ. ಇದರ ಹಿಂದೆ ಇರುವುದು ಎಕ್ಸೆಲ್‌ನ ಅತಿ ಉತ್ಸಾಹ.

ಗೊಬ್ಬರದ ಹೆಸರಿನ ಮೂರು ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ ಎಂಬುದು ರೈತರಿಗೆಲ್ಲ ಗೊತ್ತು. ಎಕ್ಸೆಲ್‌ಗೆ ಗೊತ್ತಿಲ್ಲ. ನಡುವೆ ಅಡ್ಡಗೆರೆ ಇರುವ ಮೂರು ಸಂಖ್ಯೆ ಕಂಡರೆ ಅದು ಮೊದಲು ತಾರೀಖೇ ಇರಬೇಕೆಂದು ನೋಡುತ್ತದೆ. ಆ ಕಂಪ್ಯೂಟರಿನ ಪ್ರದೇಶದ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ತಿಂಗಳು ಮೊದಲು, ದಿನ ಆಮೇಲೆ. ಹಾಗೆ ಓದಿದರೆ 10-26-26 ಎಂದರೆ 2026ರ ಅಕ್ಟೋಬರ್ 26. 12-32-16 ಉಳಿದುಕೊಳ್ಳುವುದು ಡಿಸೆಂಬರಿನಲ್ಲಿ 32ನೇ ದಿನ ಇಲ್ಲ ಎಂಬ ಒಂದೇ ಕಾರಣಕ್ಕೆ. 19-19-19ನ್ನು ಕಾಯುವುದು ಹತ್ತೊಂಬತ್ತನೇ ತಿಂಗಳು ಇಲ್ಲದಿರುವುದು. ಸೆಟ್ಟಿಂಗ್ ಭಾರತದ್ದಾಗಿದ್ದರೆ ದಿನ ಮೊದಲು ಬರುತ್ತದೆ, ಆಗ 26ನೇ ತಿಂಗಳು ಇಲ್ಲದ್ದರಿಂದ 10-26-26 ಕೂಡ ಬಚಾವು. ಅದಕ್ಕೇ ಕಳಿಸಿದವರು ‘ನಮ್ಮಲ್ಲಿ ಸರಿಯಾಗಿದೆ’ ಎನ್ನುತ್ತಾರೆ, ಪಡೆದವರು ‘ಇಲ್ಲಿ ಕೆಟ್ಟಿದೆ’ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ. ಬಿಲ್ಲಿಂಗ್ ತಂತ್ರಾಂಶ ಕೊಟ್ಟ ಸಿಎಸ್‌ವಿ ಫೈಲನ್ನು ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದು, ಒಮ್ಮೆ ಸೇವ್ ಮಾಡಿದರೆ ಸಾಕು. ಮೊದಲ ಎರಡು ಸಾಲು ತೆರೆಯುವ ಮುಂಚಿನವು, ಕೊನೆಯ ಎರಡು ಸೇವ್ ಆದ ಮೇಲಿನವು, ದರಗಳು ಉದಾಹರಣೆಗಷ್ಟೇ:

```
10-26-26,50,1470
12-32-16,50,1470

10/26/2026,50,1470
12-32-16,50,1470
```

ಇಲ್ಲಿ ಬಹಳ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಬೇರೂರಿದ ಒಂದು ತಪ್ಪು ಕಲ್ಪನೆಯಿದೆ: ಸೆಲ್‌ನಲ್ಲಿ ಕಾಣುವುದೇ ಅದರೊಳಗೆ ಇರುವುದು ಎಂಬುದು. ತಾರೀಖಾದ ಸೆಲ್ಲನ್ನು ಆಯ್ದು ಅದರ ಬಗೆಯನ್ನು Text ಎಂದು ಬದಲಿಸಿ ನೋಡಿ. ಹಳೆಯ ಹೆಸರು ಮರಳುವುದಿಲ್ಲ. 46321 ಎಂಬ ಸಂಖ್ಯೆ ಎದ್ದು ಬರುತ್ತದೆ. ಎಕ್ಸೆಲ್ ತಾರೀಖನ್ನು ಇಟ್ಟುಕೊಳ್ಳುವುದು 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಣಿಸಿದ ದಿನಗಳ ಸಂಖ್ಯೆಯಾಗಿ. ಪರದೆಯ ಮೇಲಿನ ಅಕ್ಟೋಬರ್ ಆ ಸಂಖ್ಯೆಗೆ ತೊಡಿಸಿದ ವೇಷ. ನಾವು ಟೈಪ್ ಮಾಡಿದ ಅಕ್ಷರಗಳು ಅಷ್ಟರಲ್ಲಾಗಲೇ ಅಳಿದುಹೋಗಿರುತ್ತವೆ. ಇದು ಬರೀ ಅಂಗಡಿಯವರ ಪಾಡಲ್ಲ. ವಂಶವಾಹಿ ವಿಜ್ಞಾನಿಗಳು MARCH1, SEPT1 ಎಂದು ಬರೆದ ಹೆಸರುಗಳನ್ನೂ ಎಕ್ಸೆಲ್ ಮಾರ್ಚ್, ಸೆಪ್ಟೆಂಬರ್ ತಾರೀಖು ಮಾಡುತ್ತಿತ್ತು. ವಂಶವಾಹಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಲಗತ್ತಿಸಿದ್ದ ಸಂಶೋಧನಾ ಲೇಖನಗಳ ಪೈಕಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ 2020ರ ಹೊತ್ತಿಗೆ ವಿಜ್ಞಾನಿಗಳೇ ಮಣಿದು ಆ ವಂಶವಾಹಿಗಳಿಗೆ MARCHF1, SEPTIN1 ಎಂದು ಮರುನಾಮಕರಣ ಮಾಡಿದರು. ಗೊಬ್ಬರದ ಹೆಸರನ್ನು ಹಾಗೆ ಬದಲಿಸುವಂತಿಲ್ಲ. ಅದು ಚೀಲದ ಮೇಲೆ ಅಚ್ಚಾಗಿದೆ.

ಹೆಸರು ಕೆಟ್ಟರೆ ಕಣ್ಣಿಗೆ ಬೀಳದೇ ಇರುತ್ತದೆಯೇ ಎಂದು ಕೇಳಬಹುದು. ಫೈಲನ್ನು ತೆರೆದು ನೋಡಿದವರ ಕಣ್ಣಿಗೆ ಬೀಳುತ್ತದೆ, ಏರಿಸಿದ ಮೇಲೆ ಬೀಳುವುದಿಲ್ಲ. ಪರಿಚಯವಿಲ್ಲದ ಹೆಸರು ಬಂದರೆ ಅದನ್ನು ಹೊಸ ಸರಕು ಎಂದು ತಿಳಿದು ತಾನೇ ಸೇರಿಸಿಕೊಳ್ಳುವಂತೆ ಎಷ್ಟೋ ಆರ್ಡರ್ ತಂತ್ರಾಂಶಗಳನ್ನು ಹೊಂದಿಸಿರುತ್ತಾರೆ. ಆಗ 10/26/2026 ಎಂಬ ಹೊಸ ಸರಕು ಹುಟ್ಟಿ ಹೊಸ ದರ ಅದಕ್ಕೆ ಅಂಟಿಕೊಳ್ಳುತ್ತದೆ. ನಿಜವಾದ 10-26-26 ಹಳೆಯ ದರದಲ್ಲೇ ಕುಳಿತಿರುತ್ತದೆ. ಪರದೆಯ ಮೇಲೆ ಒಂದು ಎಚ್ಚರಿಕೆಯೂ ಇಲ್ಲ. ಮರುದಿನ ಹೋಗುವ ಆರ್ಡರಿನಲ್ಲಿ ಹಳೆಯ ದರ. ಆದ್ದರಿಂದ ಪರಿಶೀಲನೆಯ ಮೊದಲ ನಿಯಮ ಇದಾಗಬೇಕು: ಹೆಸರಿನ ಕಾಲಂನಲ್ಲಿ ತಾರೀಖೋ ಬರೀ ಸಂಖ್ಯೆಯೋ ಕಂಡರೆ, ಅಥವಾ ಅಂಗಡಿಯ ಮೂಲ ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ, ಆ ಸಾಲು ಒಳಗೆ ಬರಬಾರದು. ಜೊತೆಗೆ ಕಳೆದ ಸಲ ದರ ಬಂದಿದ್ದ ಯಾವ ಸರಕಿಗೆ ಈ ಸಲ ದರ ಬಂದಿಲ್ಲ ಎಂಬುದನ್ನೂ ತಂತ್ರಾಂಶ ತೋರಿಸಬೇಕು. ಒಂದು ಹೊಸದು ಬಂತು, ಒಂದು ಹಳೆಯದು ಕಾಣೆಯಾಯಿತು ಎಂದರೆ ರೋಗ ಇದೇ ಎಂದು ತಿಳಿಯಬಹುದು.

‘ತಡೆಯುವುದೇಕೆ, 46321 ಬಂದರೆ 10-26-26 ಎಂದು ತಿದ್ದಿಕೊಳ್ಳಲು ತಂತ್ರಾಂಶಕ್ಕೆ ಹೇಳಿಕೊಟ್ಟರಾಯಿತಲ್ಲ’ ಎಂಬ ಆಕ್ಷೇಪ ಬರುತ್ತದೆ. ಈ ಒಂದು ಹೆಸರಿಗೆ ಅದು ನಡೆದೀತು. ಆದರೆ ತಾನೇ ತಿದ್ದುವ ಅಭ್ಯಾಸ ದರದ ಕಾಲಂಗೆ ಹಬ್ಬಿದರೆ ಏನಾಗುತ್ತದೆ ನೋಡಿ. ಕೆಲವು ಸಗಟುದಾರರು ಚೀಲದ ದರ ಬರೆಯುತ್ತಾರೆ, ಕೆಲವರು ಟನ್ನಿನ ದರ. 50 ಕಿಲೋ ಚೀಲ ಒಂದು ಟನ್ನಿಗೆ 20 ಆಗುತ್ತದೆ. ಡಿಎಪಿಯ ಹಳೆಯ ದರ 1350 ಇದ್ದು ಹೊಸ ಪಟ್ಟಿಯಲ್ಲಿ 27,000 ಬಂದರೆ ಅದು ಸರಿಯಾಗಿ ಇಪ್ಪತ್ತು ಪಟ್ಟು. ಇಪ್ಪತ್ತರಿಂದ ಭಾಗಿಸಿದರೆ ಸರಿಹೋಗುತ್ತದೆ. ಅದೇ ಬುದ್ಧಿಯಿಂದ ಯೂರಿಯಾವನ್ನೂ ಭಾಗಿಸಿದರೆ ಕೆಟ್ಟಿತು, ಏಕೆಂದರೆ ಯೂರಿಯಾ ಚೀಲ 2018ರಿಂದ 45 ಕಿಲೋ. ಚೀಲಕ್ಕೆ 266 ರೂಪಾಯಿ 50 ಪೈಸೆ ಎಂದರೆ ಟನ್ನಿಗೆ ಸುಮಾರು 5922. ಅದನ್ನು 20ರಿಂದ ಭಾಗಿಸಿದರೆ ಬರುವುದು 296. ಈ ಉತ್ತರ ನೋಡಲು ಸಹಜವಾಗಿದೆ, ‘ದರ ಏರಿರಬೇಕು’ ಎಂದು ಯಾರೂ ಮತ್ತೆ ನೋಡುವುದಿಲ್ಲ. ತಿದ್ದದೆ ಬಿಟ್ಟಿದ್ದರೆ 5922 ಎಂಬುದು ತಾನೇ ಕಣ್ಣಿಗೆ ರಾಚುತ್ತಿತ್ತು. ಎದ್ದು ಕಾಣುವ ತಪ್ಪನ್ನು ನಂಬಿಕೆ ಹುಟ್ಟಿಸುವ ತಪ್ಪಾಗಿ ಮಾರ್ಪಡಿಸುವುದು ಪರಿಶೀಲನೆಯಲ್ಲ. ಹಳೆಯ ದರಕ್ಕೂ ಹೊಸದಕ್ಕೂ ಇರುವ ಅನುಪಾತ 20ರ ಅಥವಾ 22.2ರ ಸಮೀಪವಿದ್ದರೆ ‘ಇದು ಟನ್ನಿನ ದರವೇ?’ ಎಂದು ತಂತ್ರಾಂಶ ಕೇಳಲಿ, ಉತ್ತರವನ್ನು ಮನುಷ್ಯರು ಕೊಡಲಿ.

ಹಂಗಾಮಿನ ನೂಕುನುಗ್ಗಲಿನಲ್ಲಿ ಇಷ್ಟೆಲ್ಲ ಕೇಳುತ್ತ ಕೂತರೆ ವ್ಯಾಪಾರ ಮಾಡುವುದು ಯಾವಾಗ ಎಂಬ ಮಾತಿಗೂ ತೂಕವಿದೆ. ಎರಡು ಸಾಲು ಕೆಟ್ಟಿದ್ದಕ್ಕೆ ಇಡೀ ಪಟ್ಟಿಯನ್ನು ತಿರಸ್ಕರಿಸುವುದು ತಪ್ಪೇ. ಸರಿಯಿದ್ದ ಸಾಲುಗಳು ಒಳಗೆ ಹೋಗಲಿ, ಅನುಮಾನದವು ಕಾರಣದ ಸಮೇತ ಬೇರೆ ಹಾಳೆಯಲ್ಲಿ ನಿಲ್ಲಲಿ, ಆ ಸರಕುಗಳ ಆರ್ಡರ್ ಮಾತ್ರ ತಡವಾಗಲಿ. ಕಾಲಂಗಳ ತಲೆಬರಹವೇ ಬದಲಾಗಿದ್ದರೆ ಮಾತ್ರ ಪಟ್ಟಿಯನ್ನು ಪೂರ್ತಿ ನಿಲ್ಲಿಸಬೇಕು; ದರದ ಜಾಗಕ್ಕೆ ತೂಕ ಬಂದಿರಬಹುದು. ಇಷ್ಟಾದರೂ ಒಂದು ತಪ್ಪು ಈ ಬಲೆಗೆ ಬೀಳುವುದಿಲ್ಲ. ಗೊಬ್ಬರದ ಮೇಲಿನ ಜಿಎಸ್‌ಟಿ ಶೇ 5. ಒಂದು ಪಟ್ಟಿಯ ದರ ತೆರಿಗೆ ಸೇರಿಸಿದ್ದು, ಇನ್ನೊಂದರದು ಸೇರಿಸದ್ದು ಆಗಿದ್ದರೆ ಆ ವ್ಯತ್ಯಾಸ ಮಾಮೂಲಿ ಏರಿಳಿತದಲ್ಲೇ ಅಡಗಿಬಿಡುತ್ತದೆ. ಅನುಪಾತ ನೋಡಿ ಅದನ್ನು ಹಿಡಿಯಲಾಗದು. ಪ್ರತಿ ಸಗಟುದಾರರನ್ನು ಒಮ್ಮೆ ಕೇಳಿ, ಅವರ ಹೆಸರಿನ ಮುಂದೆ ಬರೆದಿಟ್ಟುಕೊಳ್ಳಬೇಕು.

ಅಂಗಡಿಯವರಲ್ಲಿ ಒಂದು ವಿನಂತಿ. ಬಂದ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಬೇಡಿ. ಎಕ್ಸೆಲ್‌ನ Data ಪಟ್ಟಿಯಲ್ಲಿ From Text/CSV ಆಯ್ದು, Data Type Detection ಎಂದಿರುವಲ್ಲಿ Do not detect data types ಎಂದು ಹೇಳಿ ತೆರೆಯಿರಿ. ಹಾಗೆ ತೆರೆದರೆ 10-26-26 ಗೊಬ್ಬರವಾಗಿಯೇ ಉಳಿಯುತ್ತದೆ.