₹5,500 ಉಳಿಸಿದ ಮೂರು ತಾಸು

ಸವಣೂರಿನ ಒಂದು ಆನ್‌ಲೈನ್ ಅರ್ಜಿ ಅಂಗಡಿ. ಕಳೆದ ಮಳೆಗಾಲದಲ್ಲಿ 9 ದಿನಕ್ಕೆ 6 ಸಲ ನೀಲಿ ಪರದೆ ಬಂತು. ವಿಂಡೋಸ್ ಎರಡು ಸಲ ಹಾಕಿಸಿದ್ದಕ್ಕೆ ತಲಾ ₹500 ಹೋಯಿತು. "ಮದರ್‌ಬೋರ್ಡ್ ಹೋಗೈತಿ, ₹5,500 ಆಗತೈತಿ ಅಂದಾರ್ರಿ" ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದರು.

ನಾನು ಮೊದಲು ಕೇಳಿದ್ದು ಪರದೆಯ ಮೇಲಿನ ಅಕ್ಷರ. ಒಮ್ಮೆ `MEMORY_MANAGEMENT`, ಇನ್ನೊಮ್ಮೆ `PAGE_FAULT_IN_NONPAGED_AREA`, ಮತ್ತೊಮ್ಮೆ `IRQL_NOT_LESS_OR_EQUAL`. ಪ್ರತಿ ಸಲ ಒಂದೇ ಡ್ರೈವರ್‌ನ ಹೆಸರು ಬಂದರೆ ಆ ಡ್ರೈವರ್ ಮೇಲೆ ಗುಮಾನಿ. ಹೀಗೆ ಬೇರೆ ಬೇರೆ ಬಂದರೆ ನನ್ನ ಕೈ ಮೊದಲು ರ‍್ಯಾಮ್ ಕಡೆ ಹೋಗುತ್ತದೆ.

8 ಜಿಬಿಯ ಒಂದು ಸ್ಟಿಕ್‌ನಲ್ಲಿ ಸುಮಾರು 6,872 ಕೋಟಿ ಬಿಟ್‌ಗಳಿರುತ್ತವೆ. ಅದರಲ್ಲಿ ಒಂದೇ ಒಂದು ಕೆಟ್ಟರೂ ಸಾಕು, ಆ ಜಾಗಕ್ಕೆ ಮುಖ್ಯವಾದ ಮಾಹಿತಿ ಬಂದ ದಿನ ಯಂತ್ರ ಮಲಗುತ್ತದೆ. ಉಳಿದ ದಿನ ಏನೂ ಆಗದಂತೆ ಓಡುತ್ತದೆ. ಅದಕ್ಕೇ ಜನ ವಿಂಡೋಸನ್ನು ಬೈಯುವುದು.

ಅಂಗಡಿಯವರು `mdsched.exe` ಓಡಿಸಿದ್ದರಂತೆ, ತಪ್ಪು ಸಿಕ್ಕಿರಲಿಲ್ಲ. ಅದು ತಾನಾಗಿ ನಡೆಸುವುದು ಸಾಧಾರಣ ಪರೀಕ್ಷೆ. ನಡುವೆ F1 ಒತ್ತಿ `Extended` ಆರಿಸಿದರೆ ಮಾತ್ರ ಪೂರ್ತಿ ಜಾಲಾಡುತ್ತದೆ. ನಾನು ಪೆನ್‌ಡ್ರೈವ್‌ನಲ್ಲಿ MemTest86 ಒಯ್ದೆ.

ಯಂತ್ರದಲ್ಲಿದ್ದದ್ದು 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್. ಎರಡನ್ನೂ ಹಾಗೇ ಇಟ್ಟು ಓಡಿಸಿದಾಗ 12ನೇ ನಿಮಿಷಕ್ಕೇ ಕೆಂಪು ಸಾಲು ಬಂತು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ, ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ, ಎರಡನ್ನೂ ಬಿಚ್ಚಿದೆ. ಒಂದೊಂದಕ್ಕೆ 288 ಪಿನ್. ₹5ರ ಬಿಳಿ ರಬ್ಬರ್‌ನಿಂದ ಪಿನ್ ಸಾಲನ್ನು ಹಗುರಾಗಿ ಉಜ್ಜಿ, ಪುಡಿಯನ್ನು ಬ್ರಷ್‌ನಲ್ಲಿ ಕೊಡವಿದೆ. ಸ್ಯಾಂಡ್‌ಪೇಪರ್ ಮುಟ್ಟಿಸಬಾರದು, ಮೇಲಿರುವುದು ತೀರಾ ತೆಳು ಚಿನ್ನದ ಲೇಪ.

ಮೊದಲ ಸ್ಟಿಕ್ ಒಂದನ್ನೇ ಕಚ್ಚು ಹೊಂದಿಸಿ, ಕ್ಲಿಪ್ 'ಟಕ್' ಎನ್ನುವವರೆಗೆ ಒತ್ತಿದೆ. ನಾಲ್ಕು ಸುತ್ತು, ಎರಡೂವರೆ ತಾಸು, ತಪ್ಪು ಸೊನ್ನೆ. ನಡುವೆ ಕರೆಂಟ್ ಹೋಗದೆ ಇದ್ದದ್ದು ಪುಣ್ಯ, ಹೋಗಿದ್ದರೆ ಮೊದಲಿನಿಂದ. ಎರಡನೆಯದನ್ನು ಅದೇ ಸ್ಲಾಟ್‌ಗೆ ಹಾಕಿದೆ: 9ನೇ ನಿಮಿಷಕ್ಕೆ ತಪ್ಪು. ಪಕ್ಕದ ಸ್ಲಾಟ್‌ನಲ್ಲೂ ಅದೇ ವಿಳಾಸದಲ್ಲಿ ತಪ್ಪು. ಸ್ಲಾಟ್ ಬದಲಿಸಿದರೂ ತಪ್ಪು ಸ್ಟಿಕ್ ಜೊತೆಗೇ ಹೋಯಿತೆಂದರೆ ಒಳಗಿನ ಚಿಪ್ಪೇ ಕೆಟ್ಟಿದೆ. ಒಂದೇ ಸ್ಲಾಟ್‌ನಲ್ಲಿ ಎರಡೂ ಸ್ಟಿಕ್ ತಪ್ಪಿದ್ದರೆ ಆಗ ಮದರ್‌ಬೋರ್ಡ್ ಮಾತು ಎತ್ತಬಹುದಿತ್ತು.

ಹಾನಗಲ್ಲಿನ ಇನ್ನೊಂದು ಯಂತ್ರದಲ್ಲಿ ರಬ್ಬರ್ ಉಜ್ಜಿ ಕೂಡಿಸಿದ್ದಷ್ಟಕ್ಕೇ ತಪ್ಪು ನಿಂತಿತ್ತು. ಅದು ಬರೀ ಪಿನ್ ಮೇಲಿನ ಕೊಳೆ. ಇಲ್ಲಿ ಹಾಗಾಗಲಿಲ್ಲ.

ದೊಡ್ಡ ಸರ್ವರ್‌ಗಳಲ್ಲೂ ರ‍್ಯಾಮ್ ತಪ್ಪುವುದು ಅಪರೂಪವಲ್ಲ. ಗೂಗಲ್ ಯಂತ್ರಗಳ 2009ರ ಅಧ್ಯಯನದಲ್ಲಿ ವರ್ಷಕ್ಕೆ ಶೇ. 8ಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ತಪ್ಪು ಕಂಡಿತ್ತು. ಅಲ್ಲಿನ ರ‍್ಯಾಮ್ ಒಂಟಿ ಬಿಟ್‌ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ನಮ್ಮ ಅಂಗಡಿಗಳ ರ‍್ಯಾಮ್‌ಗೆ ಆ ಸೌಲಭ್ಯವಿಲ್ಲ.

ಸವಣೂರಿನ ಯಂತ್ರ ಈಗ 8 ಜಿಬಿಯಲ್ಲೇ ಓಡುತ್ತಿದೆ, ಸ್ವಲ್ಪ ನಿಧಾನ. ಕೆಟ್ಟ ಸ್ಟಿಕ್ ಡ್ರಾಯರ್‌ನಲ್ಲಿದೆ. ಯಾರಾದರೂ ಮರೆತು ಮತ್ತೆ ಹಾಕಿಬಿಟ್ಟಾರು ಎಂದು ಅದರ ಮೇಲೆ ಕೆಂಪು ಮಾರ್ಕರ್‌ನಲ್ಲಿ ಅಡ್ಡಗೆರೆ ಎಳೆದು ಬಂದಿದ್ದೇನೆ.