ಹೆಸರಿಗೆ ಷೇರು, ಲೆಕ್ಕಕ್ಕೆ ಸಾಲ

ಒಂದು ಕಂಪನಿ ಆದ್ಯತಾ ಷೇರು ವಿತರಿಸಿ 10 ಕೋಟಿ ರೂಪಾಯಿ ಸಂಗ್ರಹಿಸಿದೆ ಎಂದುಕೊಳ್ಳಿ. ಷರತ್ತು ಎರಡೇ: ಪ್ರತಿ ವರ್ಷ ಶೇ 8ರಷ್ಟು ಲಾಭಾಂಶ ಕೊಡಲೇಬೇಕು, ಐದು ವರ್ಷದ ಕೊನೆಗೆ ಅಸಲನ್ನು ಮರಳಿಸಲೇಬೇಕು. ಕಾಗದದ ಮೇಲೆ ಇದು ಷೇರು. ಆದರೆ ದೊಡ್ಡ ಕಂಪನಿಗಳು ಪಾಲಿಸಬೇಕಾದ ‘ಇಂಡ್ ಎಎಸ್ 32’ ಎಂಬ ಲೆಕ್ಕಪತ್ರ ಮಾನದಂಡ ಹೆಸರನ್ನು ನೋಡುವುದಿಲ್ಲ. ‘ಹಣ ಕೊಡುವುದಿಲ್ಲ’ ಎನ್ನುವ ಹಕ್ಕು ಕಂಪನಿಗೆ ಇದೆಯೇ ಎಂದಷ್ಟೇ ಕೇಳುತ್ತದೆ. ಇಲ್ಲಿ ಆ ಹಕ್ಕಿಲ್ಲ. ಹಾಗಾಗಿ 10 ಕೋಟಿಯೂ ಸಾಲದ ಸಾಲಿಗೆ ಸೇರುತ್ತದೆ. ವರ್ಷದ 80 ಲಕ್ಷ ಲಾಭಾಂಶವನ್ನು ಬಡ್ಡಿಯಂತೆ ಖರ್ಚು ಬರೆಯಬೇಕು.

ಇದರ ಪರಿಣಾಮ ಸಣ್ಣದಲ್ಲ. ಈ ಕಂಪನಿಯ ಸ್ವಂತ ಬಂಡವಾಳ 20 ಕೋಟಿ, ಬ್ಯಾಂಕ್ ಸಾಲ 20 ಕೋಟಿ ಇದ್ದರೆ, ಆದ್ಯತಾ ಷೇರನ್ನು ಬಂಡವಾಳಕ್ಕೆ ಸೇರಿಸಿದಾಗ ಒಂದು ರೂಪಾಯಿ ಬಂಡವಾಳಕ್ಕೆ 67 ಪೈಸೆ ಸಾಲ. ಸಾಲವೆಂದು ಎಣಿಸಿದರೆ ಒಂದೂವರೆ ರೂಪಾಯಿ ಸಾಲ.

ಷರತ್ತನ್ನು ತುಸು ಬದಲಿಸೋಣ. ಅಸಲು ಮರಳಿಸುವುದು ಕಡ್ಡಾಯ, ಆದರೆ ಲಾಭಾಂಶ ಕಂಪನಿಯ ಇಚ್ಛೆ, ಕೊಡದಿದ್ದರೆ ಬಾಕಿಯೂ ಬೆಳೆಯುವುದಿಲ್ಲ. ಆಗ ಷೇರು ಎರಡು ತುಂಡಾಗುತ್ತದೆ. ಐದು ವರ್ಷದ ನಂತರ ಕೊಡಬೇಕಾದ 10 ಕೋಟಿಗೆ ಶೇ 8ರ ಬಡ್ಡಿದರದಲ್ಲಿ ಇಂದಿನ ಬೆಲೆ ಸುಮಾರು 6.81 ಕೋಟಿ. ಅಷ್ಟು ಸಾಲ, ಉಳಿದ 3.19 ಕೋಟಿ ಬಂಡವಾಳ.

ಅಸಲನ್ನು ಎಂದೂ ಮರಳಿಸಬೇಕಿಲ್ಲದ, ಲಾಭಾಂಶವೂ ಐಚ್ಛಿಕವಾದ ಷೇರು ಮಾತ್ರ ಪೂರ್ತಿ ಬಂಡವಾಳ. ಭಾರತದಲ್ಲಿ ಅದು ಅಪರೂಪ. ಏಕೆಂದರೆ 2013ರ ಕಂಪನಿ ಕಾಯ್ದೆಯ 55ನೇ ಸೆಕ್ಷನ್ ಮರಳಿಸಲಾಗದ ಆದ್ಯತಾ ಷೇರುಗಳನ್ನು ನಿಷೇಧಿಸಿದೆ. ಸಾಮಾನ್ಯವಾಗಿ 20 ವರ್ಷದೊಳಗೆ ಅಸಲು ಹಿಂದಿರುಗಬೇಕು.

ಹೂಡಿಕೆದಾರರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಲೆಕ್ಕದಲ್ಲಿ ಸಾಲವಾದ ಮಾತ್ರಕ್ಕೆ ಷೇರುದಾರ ಸಾಲಗಾರನ ಎದುರು ನಿಂತ ಸಾಲಿಗನಾಗುವುದಿಲ್ಲ. ಅದೇ 55ನೇ ಸೆಕ್ಷನ್ ಪ್ರಕಾರ ಅಸಲನ್ನು ಲಾಭದಿಂದ ಅಥವಾ ಹೊಸ ಷೇರು ವಿತರಿಸಿ ಬಂದ ಹಣದಿಂದಷ್ಟೇ ಮರಳಿಸಬಹುದು. ಇಪಿಸಿ ಕನ್ಸ್ಟ್ರಕ್ಷನ್ಸ್ ಎಂಬ ಕಂಪನಿ, ಮ್ಯಾಟಿಕ್ಸ್ ಫರ್ಟಿಲೈಸರ್ಸ್‌ನಿಂದ ಬರಬೇಕಿದ್ದ ಬಾಕಿಯ ಬದಲಿಗೆ 250 ಕೋಟಿಯ ಆದ್ಯತಾ ಷೇರು ಪಡೆದಿತ್ತು. ಅವಧಿ ಮುಗಿದರೂ ಹಣ ಬರದಿದ್ದಾಗ ದಿವಾಳಿ ಕಾಯ್ದೆಯ ಮೊರೆ ಹೋಯಿತು. ಸುಪ್ರೀಂ ಕೋರ್ಟ್ 2025ರಲ್ಲಿ ಅದನ್ನು ಒಪ್ಪಲಿಲ್ಲ. ಲೆಕ್ಕಪತ್ರದಲ್ಲಿ ಹೊಣೆ ಎಂದು ಬರೆದಿದ್ದರೂ ಷೇರು ಷೇರೇ ಎಂದಿತು.

ಎರಡು ವರ್ಷ ಲಾಭಾಂಶ ಕೊಡದಿದ್ದರೆ ಎಲ್ಲ ನಿರ್ಣಯಗಳ ಮೇಲೂ ಮತ ಹಾಕುವ ಹಕ್ಕು ಸಿಗುತ್ತದೆ, ನಿಜ. ಆದರೆ ಮತದಿಂದ ಹಣ ಬರುವುದಿಲ್ಲ. ‘ಶೇ 8 ಖಚಿತ’ ಎಂಬ ಮಾತಿಗೆ ಮರುಳಾಗಿ ಇಂಥ ಷೇರು ಕೊಳ್ಳುವ ಮೊದಲು, ಅವಧಿ ಮುಗಿಯುವ ವರ್ಷ ಕಂಪನಿಯಲ್ಲಿ ಹಂಚಬಹುದಾದ ಲಾಭ ಇರುತ್ತದೆಯೇ ಎಂದು ನೋಡಿ.