ಗುಟುಕು ನೀರು, ಪಾಲಿನ ನೀರು

ನಾಗರಿಕತೆ ಕುಸಿದ ಮೇಲಿನ ಕಾಲವನ್ನು ಕಲ್ಪಿಸುವ ಕಥೆಗಳಲ್ಲಿ ಒಂದು ಸನ್ನಿವೇಶ ಮತ್ತೆ ಮತ್ತೆ ಎದುರಾಗುತ್ತದೆ. ಕರೆಂಟಿಲ್ಲ, ಸರ್ಕಾರವಿಲ್ಲ. ಒಂದೇ ನೀರಿನ ಸೆಲೆಯ ಸುತ್ತ ಒಂದಷ್ಟು ಜನ ಬದುಕಿಕೊಂಡು, ಇರುವ ನೀರನ್ನು ಅಳೆದು ಹಂಚಿಕೊಳ್ಳುತ್ತಿದ್ದಾರೆ. ಅಲ್ಲಿಗೆ ಗುರುತು ಪರಿಚಯವಿಲ್ಲದವನೊಬ್ಬ ಬಂದು ನೀರು ಕೇಳುತ್ತಾನೆ. ಹೆಚ್ಚಿನ ಲೇಖಕರು ಇದನ್ನು ಕರುಣೆಗೂ ಸ್ವಾರ್ಥಕ್ಕೂ ನಡೆಯುವ ಜಗಳವಾಗಿ ಬರೆಯುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿದರೆ ಜಗಳದ ಕಾರಣ ಬೇರೆಯೇ ಇದೆ.

ಅಂಥ ಊರನ್ನು ಕೋಲಾರದ ಕಡೆಯೇ ಇಟ್ಟುಕೊಳ್ಳೋಣ. ಅಲ್ಲಿನ ಸಾವಿರ ಅಡಿ ಬೋರ್‌ವೆಲ್‌ಗಳು ಕರೆಂಟು ಹೋದ ದಿನವೇ ಸತ್ತಂತೆ. ಅಷ್ಟು ಆಳದಿಂದ ನೀರನ್ನು ಕೈಯಲ್ಲಿ ಎತ್ತಲಾಗದು. ಉಳಿಯುವುದು ಹಳೆಯ ತೆರೆದ ಬಾವಿಗಳು, ಕೆರೆ ಮತ್ತು ಎಲ್ಲೋ ಒಂದು ಕೈಪಂಪು. ನಮ್ಮ ಊರೂರಲ್ಲಿ ನಿಂತಿರುವ ಇಂಡಿಯಾ ಮಾರ್ಕ್ 2 ಪಂಪು ಸುಮಾರು 50 ಮೀಟರ್ ಆಳದವರೆಗೆ ಕೆಲಸ ಮಾಡುತ್ತದೆ, ನಿಮಿಷಕ್ಕೆ ಹೆಚ್ಚುಕಡಿಮೆ 12 ಲೀಟರ್ ಎತ್ತುತ್ತದೆ.

ಊರಲ್ಲಿ 60 ಜನ ಇದ್ದಾರೆ, ಎರಡು ಹಸುಗಳಿವೆ ಎನ್ನಿ. ಬೇಸಿಗೆಯಲ್ಲಿ ಆ ಪಂಪಿನ ಬಾವಿಗೆ ದಿನಕ್ಕೆ 1,000 ಲೀಟರ್ ಮಾತ್ರ ಊರುತ್ತದೆ. ನಿರಾಶ್ರಿತರ ಶಿಬಿರಗಳಲ್ಲಿ ಕುಡಿಯಲು, ಅಡುಗೆಗೆ, ಮೈಕೈ ತೊಳೆಯಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕೆಂದು ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿವೆ. ಆ ಲೆಕ್ಕದಲ್ಲಿ ಜನರಿಗೆ 900 ಲೀಟರ್ ಆಯಿತು. ಬೇಸಿಗೆಯಲ್ಲಿ ಒಂದು ಹಸು 40 ಲೀಟರ್ ಕುಡಿದರೆ ಎರಡಕ್ಕೆ 80. ಉಳಿಯುವುದು 20 ಲೀಟರ್.

ಈಗ ಹೊಸಬ ಬರಲಿ. ಅವನು ಕುಡಿದು ಹೋಗುವುದು ಮೂರು ನಾಲ್ಕು ಲೀಟರ್, ಹಸು ಕುಡಿಯುವುದರ ಹತ್ತನೇ ಒಂದು ಪಾಲು. ಅವನೊಬ್ಬನೇ ಊರಲ್ಲಿ ಉಳಿದರೂ 15 ಲೀಟರ್ ಸಾಕು, ಲೆಕ್ಕ ಹೇಗೋ ಸರಿಹೋಗುತ್ತದೆ. ಅವನ ಹಿಂದೆ ಹೆಂಡತಿಯೂ ಒಂದು ಹಸುವೂ ಇದ್ದರೆ ಸರಿಹೋಗುವುದಿಲ್ಲ. ಹಾಗಾಗಿ ಊರವರು ಹೆದರುವುದು ಅವನ ದಾಹಕ್ಕಲ್ಲ, ಅವನು ಇಲ್ಲೇ ಉಳಿದಾನು, ಇನ್ನಷ್ಟು ಜನಕ್ಕೆ ದಾರಿ ತೋರಿಸಿಯಾನು ಎಂಬುದಕ್ಕೆ. ಈ ಎರಡನ್ನೂ ಒಂದೇ ಎಂದುಕೊಂಡ ಕಥೆ ಅಲ್ಲೇ ಎಡವುತ್ತದೆ.

ನಿಜವಾದ ಬರದ ನಾಡುಗಳು ಈ ಎರಡನ್ನು ಎಂದೋ ಬೇರೆ ಮಾಡಿ ಇಟ್ಟಿವೆ. ಒಮಾನಿನಲ್ಲಿ ಬೆಟ್ಟದ ಬುಡದ ನೀರನ್ನು ಊರಿಗೆ ತರುವ ಫಲಜ್ ಎಂಬ ಕಾಲುವೆಗಳಿವೆ. ಯುನೆಸ್ಕೋ 2006ರಲ್ಲಿ ಅವುಗಳಲ್ಲಿ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆ ಊರೊಳಗೆ ಬಂದು ಮೊದಲು ತೆರೆದುಕೊಳ್ಳುವ ಜಾಗ ಕುಡಿಯುವುದಕ್ಕೆ ಮೀಸಲು. ಅಲ್ಲಿ ಯಾರು ಬೇಕಾದರೂ, ದಾರಿಹೋಕನೂ, ನೀರು ತೆಗೆದುಕೊಳ್ಳಬಹುದು. ಸ್ನಾನ, ಬಟ್ಟೆ ಒಗೆಯುವುದೆಲ್ಲ ಅದರ ಕೆಳಗೆ. ಅದಕ್ಕೂ ಕೆಳಗೆ ಖರ್ಜೂರದ ತೋಟಗಳು. ತೋಟಕ್ಕೆ ನೀರು ಬಿಡುವಾಗ ಮಾತ್ರ ಲೆಕ್ಕ ಬಿಗಿ. ಸುಮಾರು ಅರ್ಧ ಗಂಟೆಯ ಒಂದೊಂದು ಸರದಿಯನ್ನೂ ಹಗಲಲ್ಲಿ ನೆರಳಿನಿಂದ, ರಾತ್ರಿ ನಕ್ಷತ್ರಗಳಿಂದ ಅಳೆಯುತ್ತಿದ್ದರು. ಇಸ್ಲಾಮೀ ಕಾನೂನಿನಲ್ಲಿ ದಾಹದ ಹಕ್ಕು ಬೇರೆ, ನೀರಾವರಿಯ ಹಕ್ಕು ಬೇರೆ. ಮೊದಲನೆಯದು ಮನುಷ್ಯರಿಗೂ ದನಕರುಗಳಿಗೂ ಉಂಟು. ಎರಡನೆಯದಕ್ಕೆ ಪಾಲುದಾರನಾಗಿರಬೇಕು.

ಪಾಲುದಾರನಾಗುವುದು ಸುಲಭವಿರಲಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ತಮ್ಮ 1990ರ ಪುಸ್ತಕದಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯ ವಿಷಯ ಹೇಳುತ್ತಾರೆ. ಅಲ್ಲಿನವರು 1483ರಲ್ಲೇ ಒಂದು ಕರಾರು ಬರೆದುಕೊಂಡಿದ್ದರು: ಪರಊರಿನವನು ಅಲ್ಲಿ ಜಮೀನು ಕೊಂಡ ಮಾತ್ರಕ್ಕೆ ಊರಿನ ಹುಲ್ಲುಗಾವಲಲ್ಲಿ ಅವನಿಗೆ ಹಕ್ಕು ಬರುವುದಿಲ್ಲ. ದುಡ್ಡಿದ್ದರೆ ಹೊಲ ಸಿಗುತ್ತದೆ, ಊರಿನ ಪಾಲು ಸಿಗುವುದಿಲ್ಲ. ಕಥೆ ಬರೆಯುವವರಿಗೆ ಬೇಕಾದ ನಿಷ್ಠುರತೆ ಇದರಲ್ಲೇ ಇದೆ, ಬಂದೂಕು ಹಿಡಿದ ಕಾವಲುಗಾರನ ಅಗತ್ಯವಿಲ್ಲ.

ಹೊಸಬನಿಂದ ಕಟ್ಟಳೆಗೆ ನಿಜವಾಗಿ ಬೀಳುವ ಪೆಟ್ಟು ಎಲ್ಲಿ? ಆಸ್ಟ್ರಮ್ ಗಮನಿಸಿದಂತೆ ಬಾಳಿಕೆ ಬಂದ ವ್ಯವಸ್ಥೆಗಳಲ್ಲಿ ನೀರು ಕಾಯುವವರು ಬಳಕೆದಾರರೇ, ಅಥವಾ ಬಳಕೆದಾರರಿಗೆ ಲೆಕ್ಕ ಒಪ್ಪಿಸುವವರು. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮತ್ತೆ ತಪ್ಪಿದರೆ ದೊಡ್ಡದು. ಸಣ್ಣ ದಂಡಕ್ಕೆ ಮನುಷ್ಯ ಬಗ್ಗುವುದು ನಾಳೆಯೂ ಇದೇ ಜನರ ಮುಖ ನೋಡಬೇಕು ಎಂಬ ಕಾರಣಕ್ಕೆ. ನಾಳೆ ಹೊರಟುಹೋಗುವವನಿಗೆ ಆ ಅಳುಕಿಲ್ಲ. ನಮ್ಮ ಊರಿನ ಕಟ್ಟಳೆಯಲ್ಲಿ ಅವನಿಗೆ ಹಾಕಬಹುದಾದ ದಂಡವೇ ಇಲ್ಲ, ಹೊರಗೆ ಹಾಕುವುದೊಂದನ್ನು ಬಿಟ್ಟು. ಜೊತೆಗೆ ಅವನ ಕಣ್ಣೂ ಒಂದಿದೆ. ಪಂಪಿನ ಬಳಿ ಎರಡು ದಿನ ಕೂತರೆ, ಯಾವ ಮನೆಯವರು ದಿನಾ ಒಂದು ಕೊಡ ಹೆಚ್ಚು ಒಯ್ಯುತ್ತಾರೆಂದು ಅವನಿಗೆ ತಿಳಿಯುತ್ತದೆ. ಊರಿಗದು ಗೊತ್ತಿದ್ದೂ ಸುಮ್ಮನಿತ್ತು. ಅವನು ಬಾಯಿಬಿಟ್ಟ ದಿನ ಎಲ್ಲರೂ ಒಂದು ಕೊಡ ಹೆಚ್ಚು ಕೇಳುತ್ತಾರೆ.

ಇದೇ ಕಥೆಯನ್ನು ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ, ಅದನ್ನು ದಾಟಿ ಹೋಗುವಂತಿಲ್ಲ. ನಮ್ಮ ಕೆರೆಗಳ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನು ನೀರುಗಂಟಿ. ಕೂಲಿಯಾಗಿ ಅವನಿಗೆ ಬೆಳೆಯಲ್ಲಿ ಪಾಲು ಸಿಗುತ್ತಿತ್ತು. ಕೋಲಾರದ ಸೀಮೆಯಲ್ಲಿ ನೀರುಗಂಟಿಗಳು ಬಹುಮಟ್ಟಿಗೆ ದಲಿತ ಮನೆಗಳವರು. ಊರಿಗೆಲ್ಲ ನೀರು ಹಂಚಿದ ಕೈ ಮೇಲ್ಜಾತಿಯವರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡದ ಚವದಾರ್ ಕೆರೆಯಲ್ಲಿ ನೀರು ಕುಡಿದದ್ದು ಪಾಲಿಗಾಗಿ ಅಲ್ಲ, ದಾರಿಹೋಕನಿಗೂ ಸಲ್ಲುವ ಗುಟುಕಿಗಾಗಿ. ಹೊಸಬನನ್ನು ನಮ್ಮ ಊರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ನೀರು ಬೇಕು’ ಎಂದಲ್ಲ, ‘ಯಾವ ಜನ’ ಎಂದು. ಕುಸಿತದ ನಂತರ ಜಾತಿ ತಾನಾಗಿ ಮರೆತುಹೋಗಿರುತ್ತದೆ ಎಂದು ಬರೆಯುವ ಲೇಖಕರನ್ನು ನಾನಂತೂ ನಂಬಲಾರೆ.

ಹಾಗಾದರೆ ಹೊಸಬ ಪಾಲುದಾರನಾಗುವುದು ಹೇಗೆ? ಫ್ರಾಂಕ್ ಹರ್ಬರ್ಟ್ ಅವರ 1965ರ ‘ಡ್ಯೂನ್’ ಕಾದಂಬರಿಯಲ್ಲಿ ಮರಳುಗಾಡಿನ ಗುಂಪೊಂದು ತಾಯಿ ಮಗ ಇಬ್ಬರು ಅಪರಿಚಿತರನ್ನು ಹಿಡಿಯುತ್ತದೆ. ಅಲ್ಲಿ ಸತ್ತವರ ದೇಹದ ನೀರೂ ಗುಂಪಿನದೇ ಸ್ವತ್ತು. ತಾಯಿಯನ್ನು ಅವಳ ಮೈಯ ನೀರಿಗಾಗಿ ಕೊಲ್ಲಲು ಹೊರಟವರು, ಅವಳ ಹೋರಾಟದ ವಿದ್ಯೆ ಕಂಡ ಮೇಲೆ ಮನಸ್ಸು ಬದಲಿಸುತ್ತಾರೆ. ಅವಳ ನೀರಿಗಿಂತ ಅವಳ ವಿದ್ಯೆಯ ಬೆಲೆ ಹೆಚ್ಚಾಯಿತು.

ಕೋಲಾರದ ಊರಲ್ಲಿ ಆ ವಿದ್ಯೆ ಪಂಪು ರಿಪೇರಿ. ಕೈಪಂಪಿನ ಸಿಲಿಂಡರಿನೊಳಗೆ ಬಟ್ಟಲಾಕಾರದ ವಾಷರುಗಳಿರುತ್ತವೆ. ಅವು ಸವೆದರೆ ಪ್ರತಿ ಒತ್ತಿಗೂ ಬರುವ ನೀರು ಕಡಿಮೆಯಾಗುತ್ತದೆ. ಬೆಳಿಗ್ಗೆ ಮೊದಲ ಹನಿ ಬರಲು ಹತ್ತಾರು ಸಲ ಒತ್ತಬೇಕಾಗಿ ಬಂದರೆ, ಕೆಳಗಿನ ವಾಲ್ವಿನಲ್ಲಿ ರಾತ್ರಿಯಿಡೀ ನೀರು ಸೋರಿ ಇಳಿದಿದೆ ಎಂದರ್ಥ. ಅಂಗಡಿಗಳಿಲ್ಲದ ಕಾಲದಲ್ಲಿ ಚರ್ಮ ಹದಮಾಡಿ ವಾಷರು ಕತ್ತರಿಸಬಲ್ಲವನು ಆ 20 ಲೀಟರಿಗೆ ಖಂಡಿತ ಅರ್ಹ. ಆದರೆ ಚರ್ಮದ ಕೆಲಸ ಬಲ್ಲವನು ನಮ್ಮಲ್ಲಿ ಯಾವ ಕೇರಿಯವನೆಂದು ಊರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಪಂಪಿನ ಸರಪಳಿ ಕಳಚಲು ಅವನನ್ನು ಕರೆಯಬೇಕು, ಕರೆದರೆ ಅವನು ಪಂಪು ಮುಟ್ಟುತ್ತಾನೆ. ಊರಿನ ಪಂಚಾಯ್ತಿ ಅಂದು ರಾತ್ರಿ ಸೇರುವುದು ಈ ವಿಷಯಕ್ಕೆ. ನೀರಿನ ಲೆಕ್ಕದ ಮಾತು ಬರುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ.